ಓಡದ ವಿಡಿಯೋವನ್ನು ಡಿಲೀಟ್ ಮಾಡಿ ಮತ್ತೆ ಹಾಕಿದರೆ ಏನಾಗುತ್ತದೆ?

ಯೂಟ್ಯೂಬ್ ಚಾನೆಲ್ ನಡೆಸುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. "ವ್ಯೂಸ್ ಬರ್ತಿಲ್ವಾ? ತೆಗೆದುಬಿಡಿ, ಎರಡು ದಿನ ಬಿಟ್ಟು ಮತ್ತೆ ಹಾಕಿ." ಇನ್ನೊಬ್ಬರು ತಕ್ಷಣ ತಡೆಯುತ್ತಾರೆ. "ಅಯ್ಯೋ, ಹಾಗೆ ಮಾಡಿದ್ರೆ ಚಾನೆಲ್ಲೇ ಕೂತ್ಕೊಂಡುಬಿಡುತ್ತೆ." ಒಂದು ವಾರ ಕಷ್ಟಪಟ್ಟು ಮಾಡಿದ ವಿಡಿಯೋಗೆ 300 ವ್ಯೂಸ್ ಬಂದು ನಿಂತಾಗ ಯಾರ ಮಾತು ಕೇಳಬೇಕು ಅಂತ ತಿಳಿಯುವುದಿಲ್ಲ.

ಎರಡೂ ಮಾತು ಪೂರ್ತಿ ಸರಿಯಲ್ಲ. ಮತ್ತೆ ಹಾಕಿದರೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ, ಅದು ನಿಜ. ಆದರೆ ಪರಿಸ್ಥಿತಿ ಮೊದಲ ಸಲದಂತೆ ಇರುವುದಿಲ್ಲ. ಒಂದು ವಿಡಿಯೋ ಡಿಲೀಟ್ ಮಾಡಿದ್ದಕ್ಕೆ ಯೂಟ್ಯೂಬ್ ಚಾನೆಲ್‌ಗೆ ಶಿಕ್ಷೆ ಕೊಡುವುದೂ ಇಲ್ಲ. ಆದರೆ ಡಿಲೀಟ್ ಮಾಡಿದವರು ತಮ್ಮ ಕೈಯಾರೆ ಕೆಲವನ್ನು ಕಳೆದುಕೊಳ್ಳುತ್ತಾರೆ. ಏನು ಕಳೆಯುತ್ತದೆ, ಏನು ಸಿಗುತ್ತದೆ ಅಂತ ಬುಡದಿಂದ ನೋಡೋಣ.

## ಡಿಲೀಟ್ ಒತ್ತಿದಾಗ ಹೋಗುವುದು ಏನೇನು

ನೀವು ಅಪ್‌ಲೋಡ್ ಮಾಡಿದ ಪ್ರತಿ ವಿಡಿಯೋಗೂ ಯೂಟ್ಯೂಬ್ ಒಂದು ಗುರುತು ಕೊಡುತ್ತದೆ. ವಿಡಿಯೋದ ವಿಳಾಸದಲ್ಲಿ `watch?v=` ಆದಮೇಲೆ ಬರುವ 11 ಅಕ್ಷರಗಳೇ ಆ ಗುರುತು. ವ್ಯೂಸ್, ಲೈಕ್, ಕಾಮೆಂಟ್, ಎಷ್ಟು ಹೊತ್ತು ನೋಡಿದರು ಅನ್ನುವ ದಾಖಲೆ, ಯಾರು ನೋಡಿದರು ಅನ್ನುವ ನೆನಪು, ಎಲ್ಲವೂ ಆ 11 ಅಕ್ಷರಕ್ಕೇ ಅಂಟಿಕೊಂಡಿರುತ್ತವೆ. ಅದೇ ಫೈಲನ್ನು ನೀವು ಮತ್ತೆ ಹಾಕಿದರೂ ಹೊಸ ಗುರುತು ಸಿಗುತ್ತದೆ. ಹಳೆಯದು ಅದಕ್ಕೆ ವರ್ಗವಾಗುವುದಿಲ್ಲ. ಹಳೆ ವಿಳಾಸ ಹಾಗೇ ಇಟ್ಟುಕೊಂಡು ಒಳಗಿನ ಫೈಲ್ ಮಾತ್ರ ಬದಲಿಸುವ ಸೌಲಭ್ಯ ಯೂಟ್ಯೂಬ್‌ನಲ್ಲಿ ಇಲ್ಲ.

ಹಾಗಾಗಿ ಡಿಲೀಟ್ ಮಾಡಿದ ಮೇಲೆ ವಾಟ್ಸಾಪ್ ಗುಂಪುಗಳಲ್ಲಿ ಹಂಚಿದ್ದ ಲಿಂಕ್ ಸತ್ತುಹೋಗುತ್ತದೆ. ಯಾರಾದರೂ ತಮ್ಮ ಪ್ಲೇಲಿಸ್ಟ್‌ಗೆ ಸೇರಿಸಿಕೊಂಡಿದ್ದರೆ ಅಲ್ಲಿಂದಲೂ ಹೋಗುತ್ತದೆ. ಹುಡುಕಾಟದಲ್ಲಿ ಹತ್ತನೇ ಜಾಗದಲ್ಲೋ ಇಪ್ಪತ್ತನೇ ಜಾಗದಲ್ಲೋ ಇದ್ದರೆ ಆ ಜಾಗವೂ ಇಲ್ಲ. ಡಿಲೀಟ್ ಮಾಡಿದ ವಿಡಿಯೋ ವಾಪಸ್ ಬರುವುದಿಲ್ಲ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಹೊಸ ಚಾನೆಲ್‌ನವರಿಗೆ ಹೆಚ್ಚು ನೋವು ಕೊಡುವುದು ವಾಚ್ ಅವರ್ಸ್, ಅಂದರೆ ಜನ ನೋಡಿದ ಒಟ್ಟು ಗಂಟೆಗಳು. ಜಾಹೀರಾತಿನ ಹಣ ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು. ಅದರ ಜೊತೆಗೆ ಕಳೆದ 12 ತಿಂಗಳಲ್ಲಿ 4,000 ಗಂಟೆ ವಾಚ್ ಅವರ್ಸ್ ಅಥವಾ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವ್ಯೂಸ್ ಇರಬೇಕು. ಈ 4,000 ಗಂಟೆಯಲ್ಲಿ ಎಲ್ಲರಿಗೂ ಕಾಣುವ, ಅಂದರೆ ಪಬ್ಲಿಕ್ ಇರುವ ವಿಡಿಯೋಗಳ ಗಂಟೆ ಮಾತ್ರ ಲೆಕ್ಕ. ಡಿಲೀಟ್ ಮಾಡಿದ್ದು, ಪ್ರೈವೇಟ್ ಮಾಡಿದ್ದು, ಅನ್‌ಲಿಸ್ಟೆಡ್ ಮಾಡಿದ್ದು, ಇವು ಮೂರೂ ಲೆಕ್ಕದಿಂದ ಹೊರಗೆ. ಅನ್‌ಲಿಸ್ಟೆಡ್ ಅಂದರೆ ಲಿಂಕ್ ಇದ್ದವರಿಗೆ ಮಾತ್ರ ತೆರೆಯುವ, ಹುಡುಕಿದರೆ ಸಿಗದ ಸ್ಥಿತಿ.

ಸೋತ ವಿಡಿಯೋದಲ್ಲಿ ಗಂಟೆ ಎಷ್ಟಿರುತ್ತದೆ ಮಹಾ ಅನ್ನಿಸಬಹುದು. 310 ಜನ ಸರಾಸರಿ 5 ನಿಮಿಷ ನೋಡಿದ್ದರೆ ಅದು 1,550 ನಿಮಿಷ, ಹೆಚ್ಚುಕಡಿಮೆ 26 ಗಂಟೆ. ಇಂಥ ಹತ್ತು ವಿಡಿಯೋ ತೆಗೆದರೆ 260 ಗಂಟೆ ಕೈಬಿಟ್ಟ ಹಾಗೆ. 3,900 ಗಂಟೆಯ ಹತ್ತಿರ ಬಂದವರಿಗೆ ಇದು ತಿಂಗಳುಗಟ್ಟಲೆ ಹಿಂದಕ್ಕೆ ಹೋದಂತೆ.

## ಓಡದ ವಿಡಿಯೋ ಚಾನೆಲನ್ನು ಕೆಳಗೆ ಎಳೆಯುತ್ತದಾ?

ಡಿಲೀಟ್ ಮಾಡುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವ ಭಯ ಇದು. ಈ ವಿಡಿಯೋ ಹಾಗೇ ಬಿಟ್ಟರೆ ಚಾನೆಲ್‌ನ ಸರಾಸರಿ ಕೆಡುತ್ತದೆ, ಮುಂದಿನ ವಿಡಿಯೋನೂ ಯೂಟ್ಯೂಬ್ ತಳ್ಳುವುದಿಲ್ಲ, ಅದಕ್ಕೆ ಗುರುತೇ ಇಲ್ಲದಂತೆ ಅಳಿಸಿಬಿಡೋಣ.

ಯೂಟ್ಯೂಬ್ ತನ್ನ ಸಹಾಯ ಪುಟಗಳಲ್ಲಿ ಇದಕ್ಕೆ ನೇರವಾಗಿಯೇ ಉತ್ತರ ಕೊಟ್ಟಿದೆ. ಯಾವ ವಿಡಿಯೋವನ್ನು ಯಾರಿಗೆ ತೋರಿಸಬೇಕು ಅಂತ ತೀರ್ಮಾನಿಸುವಾಗ ಅದು ಚಾನೆಲ್‌ನ ಸರಾಸರಿಗಿಂತ ಆ ವಿಡಿಯೋ ಮತ್ತು ಆ ನೋಡುಗ ಇಬ್ಬರನ್ನೇ ಹೆಚ್ಚು ನೋಡುತ್ತದೆ. ನಿಮ್ಮ ಮೈಸೂರು ಪಾಕಿನ ವಿಡಿಯೋ ಓಡದೆ ಇದ್ದರೆ, ಮುಂದಿನ ವಾರದ ಬಿಸಿಬೇಳೆ ಬಾತಿನ ವಿಡಿಯೋ ಅದರ ಸಾಲ ತೀರಿಸಬೇಕಿಲ್ಲ.

ಆದರೆ ಒಂದು ಮಾತು ಸೇರಿಸಬೇಕು. ನಿಮ್ಮ ವಿಡಿಯೋಗಳನ್ನು ತೋರಿಸಿದಾಗೆಲ್ಲ ಒಬ್ಬ ನೋಡುಗ ಕ್ಲಿಕ್ ಮಾಡದೆ ಮುಂದೆ ಹೋಗುತ್ತಾ ಬಂದರೆ, ಅವನಿಗೆ ನಿಮ್ಮದನ್ನು ತೋರಿಸುವುದು ಕಡಿಮೆಯಾಗುತ್ತದೆ. ಅದು ಶಿಕ್ಷೆ ಅಲ್ಲ, ಅವನ ಆಸಕ್ತಿಯ ಲೆಕ್ಕ. ವಿಡಿಯೋ ಅಳಿಸಿದರೆ ಅವನ ಆಸಕ್ತಿ ವಾಪಸ್ ಬರುವುದಿಲ್ಲ ಅಲ್ವಾ? ಅವನು ಕ್ಲಿಕ್ ಮಾಡಬೇಕಾದರೆ ಅವನಿಗೆ ಬೇಕಾದ ಇನ್ನೊಂದು ವಿಡಿಯೋ ಬರಬೇಕು, ಅಷ್ಟೇ.

ಅಳಿಸುವುದರಿಂದ ಉಲ್ಟಾ ಹೊಡೆಯುವ ಸಾಧ್ಯತೆಯೂ ಇದೆ. ಗಟ್ಟಿ ಕಾರಣ ಇಲ್ಲದೆ ವಿಡಿಯೋ ಡಿಲೀಟ್ ಮಾಡಬೇಡಿ, ಬೇಡ ಅನ್ನಿಸಿದರೆ ಅನ್‌ಲಿಸ್ಟೆಡ್ ಮಾಡಿ ಅಂತ ಯೂಟ್ಯೂಬ್ ಕ್ರಿಯೇಟರ್‌ಗಳಿಗೆ ಹೇಳಿದೆ. ಆ ವಿಡಿಯೋ ನೋಡಿದ ಜನರಿಗೂ ನಿಮ್ಮ ಚಾನೆಲ್‌ಗೂ ಇದ್ದ ನಂಟು ಡಿಲೀಟ್ ಮಾಡಿದಾಗ ಕಡಿದುಹೋಗುತ್ತದೆ ಅನ್ನುವುದು ಅವರು ಕೊಟ್ಟ ಕಾರಣ. ಮುನ್ನೂರೇ ಜನ ಇರಬಹುದು, ಆದರೆ ಅವರು ನಿಮ್ಮ ವಿಡಿಯೋ ಒತ್ತಿ ನೋಡಿದ ಮುನ್ನೂರು ಜನ.

## ಕೆಲವರಿಗೆ ಎರಡನೇ ಸಲ ಓಡಿದ್ದು ಹೇಗೆ?

"ನಾನು ಡಿಲೀಟ್ ಮಾಡಿ ಮತ್ತೆ ಹಾಕಿದೆ, ವ್ಯೂಸ್ ಡಬಲ್ ಆಯ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಆಗಿದ್ದು ನಿಜ. ಆದರೆ ಅದಕ್ಕೆ ಅವರು ಕೊಡುವ ಕಾರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಇಲ್ಲಿ ಎರಡು ಪದ ಬೇಕಾಗುತ್ತವೆ. ಇಂಪ್ರೆಷನ್ ಅಂದರೆ ನಿಮ್ಮ ಥಂಬ್‌ನೇಲ್, ಅಂದರೆ ವಿಡಿಯೋ ಒತ್ತುವ ಮುಂಚೆ ಕಾಣುವ ಚಿತ್ರ, ಯಾರದೋ ಪರದೆ ಮೇಲೆ ಕಂಡ ಒಂದು ಸಲ. ಥಂಬ್‌ನೇಲ್‌ನ ಕನಿಷ್ಠ ಅರ್ಧ ಭಾಗ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಂಡರೆ ಒಂದು ಇಂಪ್ರೆಷನ್. ಹಾಗೆ ಕಂಡ ನೂರು ಸಲದಲ್ಲಿ ಎಷ್ಟು ಸಲ ಜನ ಅದನ್ನು ಒತ್ತಿದರು ಅನ್ನುವುದೇ ಕ್ಲಿಕ್ ಥ್ರೂ ರೇಟ್. ಚಾನೆಲ್‌ನವರು ಇದನ್ನು ಸಿಟಿಆರ್ ಅನ್ನುತ್ತಾರೆ. ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳ ಸಿಟಿಆರ್ ಶೇಕಡಾ 2ರಿಂದ 10ರ ಒಳಗೆ ಇರುತ್ತದೆ ಅಂತ ಯೂಟ್ಯೂಬ್ ಹೇಳುತ್ತದೆ.

ಈಗ ಒಂದು ಸಣ್ಣ ಚಾನೆಲ್‌ನ ಮೊದಲ ದಿನ ನೋಡೋಣ. ವಿಡಿಯೋದ ನಿಜವಾದ ಸಿಟಿಆರ್ ಶೇಕಡಾ 4 ಅಂದುಕೊಳ್ಳಿ. ಮೊದಲ ದಿನ ಅದು 400 ಸಲ ಕಂಡಿದೆ. ಲೆಕ್ಕದ ಪ್ರಕಾರ 16 ಕ್ಲಿಕ್ ಬರಬೇಕು. ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಬರೀ ಅದೃಷ್ಟದಿಂದಲೇ ಅದು 8 ಆಗಬಹುದು, 24 ಕೂಡ ಆಗಬಹುದು. ಆ ಹೊತ್ತಿಗೆ ಫೋನ್ ಹಿಡಿದವರು ಯಾರು, ಅವರು ಬಸ್ಸಿನಲ್ಲಿದ್ದರಾ, ಕ್ರಿಕೆಟ್ ಮ್ಯಾಚ್ ನಡೀತಿತ್ತಾ, ಎಲ್ಲವೂ ಅದರಲ್ಲಿ ಸೇರುತ್ತದೆ. ಮೊದಲ ಸಲ 9 ಕ್ಲಿಕ್ ಬಂತು, ಬೇಸರವಾಗಿ ತೆಗೆದರು. ಎರಡನೇ ಸಲ 17 ಬಂತು. ಡಬಲ್! ವಿಡಿಯೋ ಮಾತ್ರ ಅದೇ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಪಾತ್ರೆಯೊಳಗೆ ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೇಯುವುದರಿಂದ ಅದು ನಡೆಯುತ್ತದೆ. ನೋಡುಗರು ಹಾಗಲ್ಲ. ಒಬ್ಬೊಬ್ಬರ ಹೊತ್ತು, ಊರು, ಮನಸ್ಸು ಬೇರೆ. ಮೊದಲ ನಾನೂರು ಸಲದ ಫಲ ನೋಡಿ ಇಡೀ ವಿಡಿಯೋ ಬೆಂದಿಲ್ಲ ಅಂತ ಹೇಳಲು ಬರುವುದಿಲ್ಲ.

ಇದರ ಮೇಲೆ ಇನ್ನೊಂದು ವಿಷಯ ಸೇರುತ್ತದೆ. ಜನ ಮತ್ತೆ ಹಾಕುವುದು ತುಂಬಾ ಕೆಟ್ಟದಾಗಿ ಓಡಿದ್ದನ್ನು ಮಾತ್ರ. ಚೆನ್ನಾಗಿ ಓಡಿದ್ದನ್ನು ಯಾರೂ ತೆಗೆದು ನೋಡುವುದಿಲ್ಲ. ತೀರಾ ಕೆಳಗೆ ಬಿದ್ದದ್ದು ಎರಡನೇ ಸಲ ತನ್ನ ಮಾಮೂಲಿ ಮಟ್ಟಕ್ಕೆ ಬಂದರೂ ಅದು ಏರಿದಂತೆಯೇ ಕಾಣುತ್ತದೆ. ಜೊತೆಗೆ ಎರಡನೇ ಸಲ ಹಾಕುವಾಗ ಹೆಚ್ಚಿನವರು ಟೈಟಲ್ ಬದಲಿಸಿರುತ್ತಾರೆ, ಥಂಬ್‌ನೇಲ್ ಹೊಸದು ಮಾಡಿರುತ್ತಾರೆ, ಶುರುವಿನ ಉದ್ದದ ಮಾತು ಕತ್ತರಿಸಿರುತ್ತಾರೆ. ಕೆಲಸ ಮಾಡಿದ್ದು ಆ ಬದಲಾವಣೆ. ಹೆಸರು ಬಂದದ್ದು ಡಿಲೀಟ್‌ಗೆ. ಆ ಬದಲಾವಣೆಗಳನ್ನು ಡಿಲೀಟ್ ಮಾಡದೆಯೇ ಮಾಡಬಹುದಿತ್ತು.

ಇನ್ನು ಅದೇ ಫೈಲ್ ಮತ್ತೆ ಹಾಕಿದಾಗ ಕೆಡುವುದೂ ಇದೆ. ಹೊಸ ವಿಡಿಯೋ ಬಂದ ಕೂಡಲೇ ಒತ್ತುವವರು ನಿಮ್ಮ ನಿತ್ಯದ ನೋಡುಗರು. ಅವರು ಮೊದಲ ಸಲವೇ ನೋಡಿ ಮುಗಿಸಿದ್ದಾರೆ. ಅದೇ ವಿಡಿಯೋ ಮತ್ತೆ ಕಂಡಾಗ ಅವರು ಒತ್ತುವುದಿಲ್ಲ, ಅಥವಾ ಒತ್ತಿ ಹತ್ತು ಸೆಕೆಂಡಿಗೆ "ಇದು ಆಗಲೇ ನೋಡಿದ್ದು" ಅಂತ ಹೊರಗೆ ಬರುತ್ತಾರೆ. ನಿಮ್ಮ ಪಾಲಿನ ಒಳ್ಳೆಯ ನೋಡುಗರೇ ಎರಡನೇ ಸಲ ಕೈಕೊಟ್ಟಂತೆ ಆಗುತ್ತದೆ. ಸಬ್‌ಸ್ಕ್ರೈಬರ್ ಹೆಚ್ಚಿರುವ ಚಾನೆಲ್‌ಗೆ ಈ ಹೊಡೆತ ಜಾಸ್ತಿ. ಸಬ್‌ಸ್ಕ್ರೈಬರ್ ಕಡಿಮೆ ಇದ್ದು, ಮೊದಲ ಸಲ ಯಾರೂ ನೋಡದೇ ಇದ್ದ ವಿಡಿಯೋಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಹಾಗಾಗಿಯೇ ಒಬ್ಬೊಬ್ಬರ ಅನುಭವ ಒಂದೊಂದು ಥರ.

## ಹಲಸಿನಕಾಯಿ ಹಪ್ಪಳದ ವಿಡಿಯೋ

ಈಗ ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ. ಇದು ಕಲ್ಪನೆಯ ಚಾನೆಲ್, ಆದರೆ ಇಂಥ ಅಂಕಿಗಳು ಸಣ್ಣ ಚಾನೆಲ್‌ಗಳಲ್ಲಿ ಮಾಮೂಲಿ.

ಮಲೆನಾಡಿನ ಒಂದು ಅಡುಗೆ ಚಾನೆಲ್. ವಿಡಿಯೋಗೆ ಮೊದಲ ವಾರದಲ್ಲಿ 1,200ರಷ್ಟು ವ್ಯೂಸ್ ಬರುವುದು ವಾಡಿಕೆ. ಏಪ್ರಿಲ್‌ನಲ್ಲಿ ಅಜ್ಜಿ ಹಲಸಿನಕಾಯಿ ಹಪ್ಪಳ ಮಾಡುವುದನ್ನು ಶೂಟ್ ಮಾಡಿದ್ದರು. ಬಲಿತ ಕಾಯಿಯ ತೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು, ಖಾರ ಉಪ್ಪು ಹಾಕಿ ಕುಟ್ಟುವುದು, ಒತ್ತುವುದು, ಚಾಪೆ ಮೇಲೆ ಬಿಸಿಲಿಗೆ ಹಾಕುವುದು, ಎಲ್ಲವೂ ಇದೆ. ಒಟ್ಟು 14 ನಿಮಿಷ. ಎಡಿಟಿಂಗ್ ಮುಗಿದು ವಿಡಿಯೋ ಹೊರಗೆ ಬಂದದ್ದು ಆಗಸ್ಟ್‌ನಲ್ಲಿ. ಟೈಟಲ್: "ಅಜ್ಜಿಯ ಕೈರುಚಿ ಭಾಗ 7". ಥಂಬ್‌ನೇಲ್‌ನಲ್ಲಿ ಅಜ್ಜಿಯ ಮುಖ, ನಾಲ್ಕು ಸಣ್ಣ ಸಣ್ಣ ಫೋಟೋ, ಕೆಂಪು ಅಕ್ಷರ.

ಮೊದಲ ವಾರ 310 ವ್ಯೂಸ್. ಯೂಟ್ಯೂಬ್ ಸ್ಟುಡಿಯೋ ತೆರೆದರೆ ಕಳೆದ ಹತ್ತು ವಿಡಿಯೋಗಳಲ್ಲಿ ಇದು ಹತ್ತನೆಯದು ಅಂತ ತೋರಿಸುತ್ತದೆ. ಆ ಸಾಲು ನೋಡಿದಾಗಲೇ ಕೈ ಡಿಲೀಟ್ ಕಡೆ ಹೋಗುವುದು. ಅದಕ್ಕೆ ಮುಂಚೆ ಅದರ ಕೆಳಗಿನ ಅಂಕಿಗಳನ್ನು ಓದಬೇಕು.

ಇಂಪ್ರೆಷನ್ 9,000. ಅಂದರೆ ಯೂಟ್ಯೂಬ್ ತೋರಿಸಿಯೇ ಇಲ್ಲ ಅನ್ನುವ ಹಾಗಿಲ್ಲ. ಸಿಟಿಆರ್ ಶೇಕಡಾ 2. ಈ ಚಾನೆಲ್‌ನ ಬೇರೆ ವಿಡಿಯೋಗಳದ್ದು ಶೇಕಡಾ 5ರ ಸುತ್ತ ಇದೆ. ಒಂಬತ್ತು ಸಾವಿರ ಸಲ ಕಂಡಮೇಲೆ ಬಂದ ಶೇಕಡಾ 2 ಬರೀ ಅದೃಷ್ಟದ ಆಟವಲ್ಲ. ಹೀಗೆ ಒತ್ತಿ ಬಂದವರು 180 ಜನ. ಉಳಿದ 130 ಜನ ವಾಟ್ಸಾಪ್ ಲಿಂಕ್, ನೋಟಿಫಿಕೇಶನ್ ಇತ್ಯಾದಿಗಳಿಂದ ಬಂದವರು. ಬಂದವರು ನೋಡಿದ್ದು ಸರಾಸರಿ 5 ನಿಮಿಷ. 14 ನಿಮಿಷದ ವಿಡಿಯೋಗೆ ಇದು ಕೆಟ್ಟದ್ದೇನಲ್ಲ. ಎಷ್ಟು ಜನ ಎಲ್ಲಿವರೆಗೆ ನೋಡಿದರು ಅನ್ನುವ ಗೆರೆ ನೋಡಿದರೆ ಮೊದಲ ಒಂದು ನಿಮಿಷದಲ್ಲಿ ಸರ್ರನೆ ಇಳಿದಿದೆ, ಆಮೇಲೆ ಹೆಚ್ಚುಕಡಿಮೆ ಸಮವಾಗಿ ಸಾಗಿದೆ. ಆ ಮೊದಲ ನಿಮಿಷದಲ್ಲಿ ಇರುವುದು ನಮಸ್ಕಾರ, ಚಾನೆಲ್ ಪರಿಚಯ, ಸಬ್‌ಸ್ಕ್ರೈಬ್ ಮಾಡಿ ಅನ್ನುವ ಮಾತು.

ಈ ಅಂಕಿಗಳು ಹೇಳುವುದು ಸ್ಪಷ್ಟ. ಹಪ್ಪಳ ಮಾಡುವ ಭಾಗಕ್ಕೆ ತಲುಪಿದವರು ಕೂತು ನೋಡಿದ್ದಾರೆ. ತಪ್ಪಿದ್ದು ಬಾಗಿಲಲ್ಲಿ. ಟೈಟಲ್‌ನಲ್ಲಿ ಹಲಸು ಅನ್ನುವ ಪದವೂ ಇಲ್ಲ, ಹಪ್ಪಳ ಅನ್ನುವ ಪದವೂ ಇಲ್ಲ. ಅಜ್ಜಿಯ ಕೈರುಚಿಯ ಏಳನೇ ಭಾಗ ಬೇಕು ಅಂತ ಯಾರೂ ಹುಡುಕುವುದಿಲ್ಲ. ಸಾಲದ್ದಕ್ಕೆ ಆಗಸ್ಟ್‌ನಲ್ಲಿ ಮಳೆ. ಬಲಿತ ಕಾಯಿಯೂ ಇಲ್ಲ, ಒಣಗಿಸಲು ಬಿಸಿಲೂ ಇಲ್ಲ. ಆ ತಿಂಗಳಲ್ಲಿ ಹಪ್ಪಳ ಮಾಡುವುದು ಹೇಗೆ ಅಂತ ನೋಡುವವರು ಎಷ್ಟು ಜನ?

ಇದೇ ಫೈಲನ್ನು ಡಿಲೀಟ್ ಮಾಡಿ ಸೆಪ್ಟೆಂಬರ್‌ನಲ್ಲಿ ಮತ್ತೆ ಹಾಕಿದರೆ ಈ ಮೂರೂ ಕಾರಣ ಹಾಗೇ ಇರುತ್ತವೆ. ಮಳೆ ಕೂಡ. 26 ಗಂಟೆ ವಾಚ್ ಅವರ್ಸ್ ಮಾತ್ರ ಹೋಗಿರುತ್ತದೆ.

ಡಿಲೀಟ್ ಮಾಡದೆ ಮಾಡಬಹುದಾದದ್ದು ಹೀಗೆ. ಟೈಟಲ್ ಬದಲಿಸಿ "ಹಲಸಿನಕಾಯಿ ಹಪ್ಪಳ: ಒಡೆಯದ ಹಾಗೆ ಒತ್ತಿ ಒಣಗಿಸುವುದು ಹೇಗೆ" ಅಂತ ಮಾಡುವುದು. ತುಂಬಾ ಜನ ಕನ್ನಡದ್ದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುತ್ತಾರೆ, ಹಾಗಾಗಿ ವಿವರಣೆಯ ಮೊದಲ ಸಾಲಿನಲ್ಲಿ `halasinakayi happala` ಅಂತಲೂ ಬರೆಯುವುದು. ಥಂಬ್‌ನೇಲ್‌ನಲ್ಲಿ ಐದು ಚಿತ್ರದ ಬದಲು ಒಂದೇ ಚಿತ್ರ, ಬಿಸಿಲಲ್ಲಿ ಸಾಲಾಗಿ ಒಣಗುತ್ತಿರುವ ಹಪ್ಪಳ ಮತ್ತು ಅಜ್ಜಿಯ ಕೈ. ಶುರುವಿನ 50 ಸೆಕೆಂಡ್ ಕತ್ತರಿಸುವುದು. ಆಮೇಲೆ ಮಾರ್ಚ್ ಬರುವವರೆಗೆ ಅದನ್ನು ಹಾಗೇ ಬಿಡುವುದು. ಹಲಸಿನ ಕಾಲ ಬಂದಾಗ ಜನ ಹುಡುಕಲು ಶುರು ಮಾಡುತ್ತಾರೆ. ಆಗ ಈ ವಿಡಿಯೋ ತನ್ನ ಹಳೇ ಕಾಮೆಂಟ್‌ಗಳ ಸಮೇತ ಅಲ್ಲೇ ಇರುತ್ತದೆ. ಖಂಡಿತ ಓಡುತ್ತದೆ ಅಂತ ಯಾರೂ ಬರೆದುಕೊಡಲಾರರು. ಆದರೆ ವಿಷಯಕ್ಕೆ ಬೇಡಿಕೆ ಏರಿದಾಗ ಹಳೆ ವಿಡಿಯೋಗಳು ಮತ್ತೆ ಎದ್ದು ನಿಲ್ಲುವುದು ಯೂಟ್ಯೂಬ್‌ನಲ್ಲಿ ಸಾಮಾನ್ಯ, ಕಂಪನಿಯೂ ಇದನ್ನು ಹೇಳುತ್ತದೆ.

ಅಂಕಿಗಳು ಬೇರೆ ಥರ ಇದ್ದಿದ್ದರೆ ತೀರ್ಮಾನವೂ ಬೇರೆ. ಸಿಟಿಆರ್ ಶೇಕಡಾ 6 ಇದ್ದು ಜನ ಒಂದೂವರೆ ನಿಮಿಷಕ್ಕೇ ಹೊರಗೆ ಹೋಗಿದ್ದರೆ, ಟೈಟಲ್ ಕೊಟ್ಟ ಮಾತನ್ನು ವಿಡಿಯೋ ಉಳಿಸಿಕೊಂಡಿಲ್ಲ ಅಂತ ಅರ್ಥ. ಆಗ ಥಂಬ್‌ನೇಲ್ ಬದಲಿಸಿ ಪ್ರಯೋಜನವಿಲ್ಲ. ಎರಡೂ ಚೆನ್ನಾಗಿದ್ದು ಇಂಪ್ರೆಷನ್ನೇ 600 ಇದ್ದರೆ, ಆ ವಿಷಯದ ಆಸಕ್ತಿ ಇರುವವರು ಸದ್ಯಕ್ಕೆ ಕಡಿಮೆ ಇರಬಹುದು. ಅದಕ್ಕೆ ಕಾಯುವುದೇ ದಾರಿ.

## ವಿಳಾಸ ಬದಲಾಗದೆ ಏನೇನು ಬದಲಿಸಬಹುದು

ಟೈಟಲ್, ಥಂಬ್‌ನೇಲ್, ವಿವರಣೆ ಇವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಬದಲಿಸಿದ್ದಕ್ಕೆ ದಂಡ ಇಲ್ಲ. ವಿಡಿಯೋ ಹೊರಗಿನಿಂದ ಬೇರೆ ಥರ ಕಂಡಾಗ ಜನ ಅದರ ಜೊತೆ ನಡೆದುಕೊಳ್ಳುವ ರೀತಿ ಬದಲಾಗುತ್ತದೆ, ಯೂಟ್ಯೂಬ್ ಆ ಹೊಸ ನಡವಳಿಕೆಯನ್ನು ಗಮನಿಸುತ್ತದೆ. ಜನ "ರೀಸೆಟ್" ಅಂತ ಹುಡುಕುತ್ತಿರುವುದಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಇದೇ ಅನ್ನುವುದು ನನ್ನ ಅಭಿಪ್ರಾಯ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತಾರೀಖು ಬರೆದಿಟ್ಟುಕೊಳ್ಳಿ. ಬದಲಿಸುವ ಮುಂಚಿನ ಒಂದು ವಾರ, ಬದಲಿಸಿದ ಮೇಲಿನ ಒಂದು ವಾರ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರು ಗಂಟೆಗೆ ಒಂದು ಸಲ ಥಂಬ್‌ನೇಲ್ ಬದಲಿಸುತ್ತಾ ಹೋದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಸ್ಟುಡಿಯೋ ತೆರೆದರೆ ಮೂರು ಥಂಬ್‌ನೇಲ್‌ವರೆಗೆ ಹಾಕಿ ಪರೀಕ್ಷಿಸುವ ಸೌಲಭ್ಯ ಇದೆ. ಚಾನೆಲ್‌ಗೆ ಸುಧಾರಿತ ಸೌಲಭ್ಯಗಳು ತೆರೆದಿರಬೇಕು ಅಷ್ಟೇ. ಯೂಟ್ಯೂಬ್ ಮೂರನ್ನೂ ಬೇರೆ ಬೇರೆ ಜನರಿಗೆ ತೋರಿಸಿ, ಯಾವುದರಿಂದ ಜನ ಹೆಚ್ಚು ಹೊತ್ತು ನೋಡಿದರು ಅಂತ ಹೇಳುತ್ತದೆ. ಬರೀ ಕ್ಲಿಕ್ ಲೆಕ್ಕವಲ್ಲ, ಹಾಗಾಗಿ ಸುಳ್ಳು ಆಸೆ ಹುಟ್ಟಿಸುವ ಥಂಬ್‌ನೇಲ್ ಗೆಲ್ಲುವುದು ಕಷ್ಟ. ಉತ್ತರ ಬರಲು ಎರಡು ವಾರದವರೆಗೂ ಹಿಡಿಯಬಹುದು.

ವಿಡಿಯೋದ ಒಳಗನ್ನೂ ಸ್ವಲ್ಪ ಮಟ್ಟಿಗೆ ಮುಟ್ಟಬಹುದು. ಸ್ಟುಡಿಯೋದ ಎಡಿಟರ್‌ನಲ್ಲಿ ಶುರುವಿನದ್ದು, ಮಧ್ಯದ್ದು, ಕೊನೆಯದ್ದು ಯಾವ ಭಾಗವನ್ನಾದರೂ ಕತ್ತರಿಸಬಹುದು. ಯಾರದೋ ಮುಖವನ್ನೋ ಪರದೆಯಲ್ಲಿ ಕಂಡ ಫೋನ್ ನಂಬರನ್ನೋ ಮಸುಕು ಮಾಡಬಹುದು. ಹಾಡು ತೆಗೆಯಬಹುದು. ವಿಳಾಸ, ವ್ಯೂಸ್, ಕಾಮೆಂಟ್ ಎಲ್ಲ ಹಾಗೇ ಉಳಿಯುತ್ತವೆ. ಹೊಸ ದೃಶ್ಯ ಸೇರಿಸಲು ಮಾತ್ರ ಬರುವುದಿಲ್ಲ. ಬದಲಾವಣೆ ಎಲ್ಲರಿಗೂ ಕಾಣಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಲ್ಲಿವರೆಗೆ ಜನರಿಗೆ ಹಳೆಯದೇ ಕಾಣುತ್ತದೆ. ಇನ್ನೊಂದು ಮಿತಿ: ಮಾನಿಟೈಸೇಶನ್, ಅಂದರೆ ವಿಡಿಯೋಗಳಿಂದ ಹಣ ಬರುವ ವ್ಯವಸ್ಥೆ, ಇಲ್ಲದ ಚಾನೆಲ್‌ನಲ್ಲಿ 1 ಲಕ್ಷ ವ್ಯೂಸ್ ದಾಟಿದ ವಿಡಿಯೋಗೆ ಮಸುಕು ಮಾಡುವುದು ಬಿಟ್ಟು ಬೇರೆ ಬದಲಾವಣೆ ಉಳಿಸಲು ಆಗದೇ ಇರಬಹುದು. ಓಡದ ವಿಡಿಯೋಗೆ ಆ ಚಿಂತೆ ಇಲ್ಲ.

## ಮತ್ತೆ ಹಾಕಲೇಬೇಕಾದಾಗ

ಕೆಲವು ತಪ್ಪುಗಳನ್ನು ಎಡಿಟರ್ ಸರಿ ಮಾಡಲಾರದು. ಎಕ್ಸ್‌ಪೋರ್ಟ್ ಮಾಡುವಾಗ ಎಡವಿ ಅರ್ಧ ವಿಡಿಯೋಗೆ ದನಿಯೇ ಇಲ್ಲ. ಹಳೇ ಕರಡು ಫೈಲ್ ಅಪ್‌ಲೋಡ್ ಆಗಿಬಿಟ್ಟಿದೆ. ಅಡಿಕೆಗೆ ಔಷಧಿ ಹೊಡೆಯುವ ವಿಡಿಯೋದಲ್ಲಿ ಬೆರೆಸುವ ಪ್ರಮಾಣವನ್ನೇ ತಪ್ಪು ಹೇಳಿದ್ದೀರಿ, ಅದನ್ನು ನಂಬಿ ರೈತರು ತೋಟಕ್ಕೆ ಹೊಡೆಯುತ್ತಾರೆ. ಇಂಥ ಕಡೆ ಸಂಕೋಚ ಬೇಡ. ಹಾಕಿ ಒಂದೆರಡು ಗಂಟೆಯೊಳಗೆ ಗೊತ್ತಾದರೆ ಹೆಚ್ಚು ಜನ ನೋಡಿರುವುದೂ ಇಲ್ಲ, ತೆಗೆದು ಸರಿಯಾದದ್ದನ್ನು ಹಾಕಿದರೆ ನಷ್ಟ ತೀರಾ ಕಡಿಮೆ. ಅದೇ ದಿನ ಮತ್ತೆ ಹಾಕಿದರೆ ನೋಟಿಫಿಕೇಶನ್ ಹೋಗುತ್ತಾ ಅಂತ ಕೆಲವರು ಕೇಳುತ್ತಾರೆ. ಒಂದು ಚಾನೆಲ್‌ನಿಂದ ಒಬ್ಬ ಸಬ್‌ಸ್ಕ್ರೈಬರ್‌ಗೆ 24 ಗಂಟೆಯಲ್ಲಿ ಹೊಸ ವಿಡಿಯೋದ ಮೂರು ನೋಟಿಫಿಕೇಶನ್‌ವರೆಗೆ ಹೋಗಬಹುದು. ಒಂದು ಸಲ ತಿದ್ದಿ ಹಾಕಲು ಅಷ್ಟು ಸಾಕು.

ವಾರ ಕಳೆದು ಲಿಂಕ್ ನಾಲ್ಕು ಕಡೆ ಹರಡಿದ ಮೇಲೆ ತಪ್ಪು ಗೊತ್ತಾದರೆ ಕ್ರಮ ಬೇರೆ. ಮೊದಲು ಸರಿಯಾದ ವಿಡಿಯೋ ಹಾಕಿ. ಆಮೇಲೆ ಹಳೆಯದರ ವಿವರಣೆಯ ಮೊದಲ ಸಾಲಿನಲ್ಲಿ, ಪಿನ್ ಮಾಡಿದ ಕಾಮೆಂಟ್‌ನಲ್ಲಿ ಹೊಸದರ ಲಿಂಕ್ ಕೊಟ್ಟು ಏನು ತಪ್ಪಾಗಿತ್ತು ಅಂತ ಬರೆಯಿರಿ. ಕೊನೆಗೆ ಹಳೆಯದನ್ನು ಅನ್‌ಲಿಸ್ಟೆಡ್ ಮಾಡಿ. ಹಳೇ ಲಿಂಕ್ ಒತ್ತಿ ಬಂದವರಿಗೆ ಸತ್ತ ಪುಟದ ಬದಲು ಹೊಸದರ ದಾರಿ ಸಿಗುತ್ತದೆ. ಔಷಧಿ ಪ್ರಮಾಣದಂಥ ಅಪಾಯದ ತಪ್ಪಾದರೆ ಆ ಭಾಗವನ್ನು ಎಡಿಟರ್‌ನಲ್ಲಿ ಕತ್ತರಿಸಿ, ಅಥವಾ ಪ್ರೈವೇಟ್ ಮಾಡಿ. ಅಲ್ಲಿ ಲಿಂಕ್ ಉಳಿಸುವುದಕ್ಕಿಂತ ಯಾರೂ ಅದನ್ನು ನೋಡದೇ ಇರುವುದು ಮುಖ್ಯ.

ಪ್ರೈವೇಟ್ ಮಾಡಿ ಮತ್ತೆ ಪಬ್ಲಿಕ್ ಮಾಡಿದರೆ ಹೊಸ ವಿಡಿಯೋ ಥರ ಶುರುವಾಗುತ್ತೆ ಅಂತ ಹೇಳುವವರೂ ಇದ್ದಾರೆ. ಹಾಗೇನಿಲ್ಲ. ಗುರುತಿನ 11 ಅಕ್ಷರ ಅವೇ, ಇತಿಹಾಸವೂ ಅದೇ.

ವಿಷಯ ಒಳ್ಳೆಯದು, ಮಾಡಿದ ರೀತಿ ಸರಿಯಾಗಿರಲಿಲ್ಲ ಅನ್ನಿಸಿದರೆ ಅದೇ ವಿಷಯದ ಮೇಲೆ ಹೊಸದಾಗಿ ಶೂಟ್ ಮಾಡಿ ಹಾಕಿ. ಹಳೆಯದು ಅಲ್ಲೇ ಇರಲಿ. ಮುಂದಿನ ಏಪ್ರಿಲ್‌ನಲ್ಲಿ ಆ ಅಜ್ಜಿ ಆರು ನಿಮಿಷದಲ್ಲಿ ಹಪ್ಪಳ ಒತ್ತುವುದನ್ನು ಮಾತ್ರ ತೋರಿಸಿದರೆ ಅದು ಬೇರೆಯದೇ ವಿಡಿಯೋ. ಹಳೆಯದನ್ನು ನೋಡಿದವರೂ ಅದನ್ನು ಒತ್ತುತ್ತಾರೆ.

## ಶಾರ್ಟ್ಸ್‌ನಲ್ಲಿ ಯಾಕೆ ಈ ಆಸೆ ಜಾಸ್ತಿ

ಶಾರ್ಟ್ಸ್‌ನಲ್ಲಿ ಜನ ಥಂಬ್‌ನೇಲ್ ನೋಡಿ ಒತ್ತುವುದಿಲ್ಲ. ವಿಡಿಯೋ ತಾನೇ ಮುಂದೆ ಬರುತ್ತದೆ, ಅವರು ನೋಡುತ್ತಾರೆ ಅಥವಾ ಬೆರಳಲ್ಲಿ ಸರಿಸುತ್ತಾರೆ. ಹೊಸ ಶಾರ್ಟ್ ಮೊದಲು ಒಂದು ಸಣ್ಣ ಗುಂಪಿಗೆ ಹೋಗುತ್ತದೆ. ಅವರು ನಿಂತು ನೋಡಿದರೆ ಇನ್ನಷ್ಟು ಜನರಿಗೆ. ಮೇಲೆ ಹೇಳಿದ ಅದೃಷ್ಟದ ಏರಿಳಿತ ಇಲ್ಲಿ ಇನ್ನೂ ಜೋರು, ಹಾಗಾಗಿ ಮತ್ತೆ ಹಾಕಿದಾಗ ಫಲ ಬೇರೆ ಬರುವುದೂ ಇಲ್ಲಿ ಜಾಸ್ತಿ. ಮೇಲೂ ಹೋಗಬಹುದು, ಕೆಳಗೂ ಬರಬಹುದು.

ವ್ಯೂಸ್ ಹೋಲಿಸುವಾಗ ಒಂದು ಎಚ್ಚರ ಬೇಕು. 2025ರ ಮಾರ್ಚ್ 31ರಿಂದ ಶಾರ್ಟ್ ಪ್ಲೇ ಆಗಲು ಶುರುವಾದರೆ ಸಾಕು, ಅದು ಒಂದು ವ್ಯೂ. ಕನಿಷ್ಠ ಇಷ್ಟು ಹೊತ್ತು ನೋಡಬೇಕು ಅಂತ ಇಲ್ಲ. ಹಣಕ್ಕೂ ಮಾನಿಟೈಸೇಶನ್ ಅರ್ಹತೆಗೂ ಲೆಕ್ಕಕ್ಕೆ ಬರುವುದು ಎಂಗೇಜ್ಡ್ ವ್ಯೂಸ್, ಅಂದರೆ ಸರಿಸದೆ ನಿಂತು ನೋಡಿದ ವ್ಯೂಸ್, ಅದನ್ನು ಅನಾಲಿಟಿಕ್ಸ್‌ನಲ್ಲಿ ಬೇರೆಯಾಗಿ ತೋರಿಸುತ್ತಾರೆ. ಮತ್ತೆ ಹಾಕಿದ ಶಾರ್ಟ್‌ಗೆ ವ್ಯೂಸ್ ಏರಿ ಎಂಗೇಜ್ಡ್ ವ್ಯೂಸ್ ಏರದಿದ್ದರೆ ಹೆಚ್ಚು ಜನರ ಬೆರಳ ಕೆಳಗೆ ಹಾದುಹೋಯಿತು ಅಂತಷ್ಟೇ ಅರ್ಥ. ನೋಡಿದವರೆಷ್ಟು, ಸರಿಸಿದವರೆಷ್ಟು ಅನ್ನುವ ಪ್ರಮಾಣ ಎರಡು ಸಲವೂ ಒಂದೇ ಥರ ಇದ್ದರೆ ಬದಲಾಗಬೇಕಾದದ್ದು ಶಾರ್ಟ್‌ನ ಮೊದಲ ಎರಡು ಸೆಕೆಂಡ್.

## ನಿಜವಾಗಿ ಚಾನೆಲ್‌ಗೆ ಪೆಟ್ಟು ಬೀಳುವುದು ಎಲ್ಲಿ

ಒಂದು ಸಲ ತೆಗೆದು ಹಾಕಿದ್ದಕ್ಕೆ ಏನೂ ಆಗುವುದಿಲ್ಲ. ಅದನ್ನೇ ಅಭ್ಯಾಸ ಮಾಡಿಕೊಂಡರೆ ಕತೆ ಬೇರೆ. ಒಂದೇ ವಿಡಿಯೋವನ್ನು ಒಂದು ಚಾನೆಲ್‌ನಲ್ಲೋ ಹಲವು ಚಾನೆಲ್‌ಗಳಲ್ಲೋ ಪದೇ ಪದೇ ಹಾಕುವುದನ್ನು ಯೂಟ್ಯೂಬ್‌ನ ಸ್ಪ್ಯಾಮ್ ನಿಯಮ ತಪ್ಪು ಅಂತಲೇ ಹೇಳುತ್ತದೆ. ಅದಕ್ಕೆ ಸ್ಟ್ರೈಕ್, ಅಂದರೆ ನಿಯಮ ಮುರಿದದ್ದಕ್ಕೆ ಚಾನೆಲ್ ಮೇಲೆ ದಾಖಲಾಗುವ ಶಿಕ್ಷೆ, ಬೀಳಬಹುದು. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗುತ್ತದೆ. ಹಳೆಯದನ್ನು ಇಟ್ಟುಕೊಂಡೇ ಸ್ವಲ್ಪ ಬಣ್ಣ ಬದಲಿಸಿ ಅದನ್ನೇ ಮತ್ತೆ ಮತ್ತೆ ಹಾಕುವುದು ಮಾನಿಟೈಸೇಶನ್ ಪರಿಶೀಲನೆಯಲ್ಲೂ ಎದುರಾಗುತ್ತದೆ. ಒಂದೇ ಅಚ್ಚಿನ, ಪುನರಾವರ್ತನೆಯ ವಿಡಿಯೋಗಳಿಗೆ ಹಣ ಕೊಡುವುದಿಲ್ಲ ಅನ್ನುವುದು ಅಲ್ಲಿನ ನಿಯಮ.

ಸ್ಟ್ರೈಕ್ ಬಿದ್ದ ವಿಡಿಯೋವನ್ನು ಡಿಲೀಟ್ ಮಾಡಿದರೆ ಸ್ಟ್ರೈಕ್ ಹೋಗುತ್ತದೆ ಅನ್ನುವ ನಂಬಿಕೆಯೂ ಇದೆ. ಹೋಗುವುದಿಲ್ಲ. ಕಾಪಿರೈಟ್ ಸ್ಟ್ರೈಕ್ ಇರಲಿ, ಸಮುದಾಯ ನಿಯಮದ ಸ್ಟ್ರೈಕ್ ಇರಲಿ, ಚಾನೆಲ್ ಮೇಲೆ ಉಳಿದೇ ಉಳಿಯುತ್ತದೆ. ಅದೇ ವಿಡಿಯೋವನ್ನು ಮತ್ತೆ ಹಾಕಿದರೆ ಎರಡನೇ ಸ್ಟ್ರೈಕ್‌ಗೆ ದಾರಿ ಮಾಡಿಕೊಟ್ಟಂತೆ. ಹಾಡಿನ ಮೇಲೆ ಬರುವ ಕಂಟೆಂಟ್ ಐಡಿ ಕ್ಲೈಮ್, ಅಂದರೆ ಹಾಡಿನ ಹಕ್ಕುದಾರರ ಪರವಾಗಿ ಯೂಟ್ಯೂಬ್ ತಾನಾಗಿ ಹಾಕುವ ಹಕ್ಕಿನ ದಾವೆ, ಮಾತ್ರ ಬೇರೆ. ಅದು ಆ ವಿಡಿಯೋಗೆ ಸಂಬಂಧಪಟ್ಟದ್ದು, ಚಾನೆಲ್‌ಗಲ್ಲ. ಎಡಿಟರ್‌ನಲ್ಲಿ ಆ ಹಾಡನ್ನು ಅಳಿಸಿದರೆ ಅಥವಾ ಆ ಭಾಗ ಕತ್ತರಿಸಿದರೆ ಕ್ಲೈಮ್ ಬಿಟ್ಟುಹೋಗುತ್ತದೆ. ಅದಕ್ಕಾಗಿ ವಿಡಿಯೋ ಕಳೆದುಕೊಳ್ಳಬೇಕಿಲ್ಲ.

ಈಗಾಗಲೇ ಕೆಲವನ್ನು ಡಿಲೀಟ್ ಮಾಡಿಬಿಟ್ಟಿದ್ದರೆ ಅದರಿಂದ ಮುಂದಿನ ವಿಡಿಯೋಗಳಿಗೆ ಶಾಪವೇನೂ ತಟ್ಟುವುದಿಲ್ಲ. ಮೂಲ ಫೈಲ್ ನಿಮ್ಮ ಹತ್ತಿರ ಇದ್ದು ವಿಷಯ ಇನ್ನೂ ಉಪಯೋಗಕ್ಕೆ ಬರುವಂತಿದ್ದರೆ ಟೈಟಲ್, ಥಂಬ್‌ನೇಲ್, ಶುರುವಿನ ಭಾಗ ಸರಿಮಾಡಿ ಒಂದು ಸಲ ಹಾಕಿ, ಅದರ ಕಾಲ ನೋಡಿಕೊಂಡು. ಇನ್ನು ಮುಂದೆ ಯಾವುದನ್ನಾದರೂ ಡಿಲೀಟ್ ಮಾಡಲೇಬೇಕು ಅನ್ನಿಸಿದರೆ ಮೊದಲು ಸ್ಟುಡಿಯೋದಿಂದ ಆ ಫೈಲ್ ಡೌನ್‌ಲೋಡ್ ಮಾಡಿಕೊಳ್ಳಿ, ಕಾಮೆಂಟ್‌ಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಅನ್‌ಲಿಸ್ಟೆಡ್ ಮಾಡಿ ಒಂದು ತಿಂಗಳು ಬಿಡಿ. ಆಗಲೂ ಅದು ಬೇಡ ಅನ್ನಿಸಿದರೆ ಡಿಲೀಟ್ ಬಟನ್ ಅಲ್ಲೇ ಇರುತ್ತದೆ.